ಸ್ಪೀಕರ್ ಬದಲಿಸೋ ಮುಂಚೆ ಜಾಲರಿ ನೋಡ್ರಿ

ಗೋವಿನಜೋಳದ ಒಕ್ಕಣೆ ಸುರು ಆದ್ರೆ ಸಾಕು, ನಮ್ಮ ಕಡೆ ಮೊಬೈಲ್ ಅಂಗಡಿಗಳಿಗೂ ಸುಗ್ಗಿ. ಮಷಿನ್ ಮುಂದೆ ನಾಲ್ಕು ದಿನ ನಿಂತವರ ಫೋನಿನ ದನಿ ಕಂಬಳಿ ಒಳಗಿಂದ ಮಾತಾಡಿದಂಗೆ ಆಗತೈತಿ. ಅಂಗಡಿಗೆ ಹೋದ್ರೆ ಒಂದೇ ಮಾತು: "ಸ್ಪೀಕರ್ ಹೋಗೇತಿ, ಬದಲಿ ಮಾಡಬೇಕು." ನನ್ನ ಅಭಿಪ್ರಾಯ ಸ್ಪಷ್ಟ ಐತಿ. ಧೂಳಿನ ಕಾಲದಲ್ಲಿ ದನಿ ಮಂದ ಆಗಿದ್ದಕ್ಕೆ ಸ್ಪೀಕರ್ ಬದಲಿಸೋದು ಕೊನೆಯ ಕೆಲಸ ಆಗಬೇಕು, ಮೊದಲನೆಯದು ಅಲ್ಲ. ಅದಕ್ಕೂ ಮುಂಚೆ ಮನೇಲೇ ಅರ್ಧ ತಾಸು ಕೂತು ನೋಡೋದು ಬಹಳ ಐತಿ.

"ದನಿ ಸ್ವಲ್ಪ ಕಮ್ಮಿ ಆದ್ರೆ ಏನಾತು, ಕೇಳತೈತಲ್ಲ" ಅಂತ ಬಿಡೋರೂ ಅದಾರ. ಅದು ಸರಿ ಅಲ್ರಿ. ಜಾಲರಿ ಕಟ್ಟಿದಾಗ ದನಿ ಬರೀ ಸಣ್ಣ ಆಗೋದಿಲ್ಲ, ಅದರೊಳಗಿನ ಚೂಪು ಸಪ್ಪಳ ಮೊದಲು ಹೋಗತೈತಿ. ಸ, ಚ, ಟ, ತ ಇಂಥ ಅಕ್ಷರ ಮಸುಕಾಗಿ ಅ, ಆ, ಓ ಅಷ್ಟೇ ಗುಂಯ್ ಅಂತ ಕೇಳತಾವ. ಎಪ್ಪತ್ತು ಅಂದದ್ದು ಎಂಬತ್ತು ಅಂತ ಕೇಳಿದ್ರೆ ದಲಾಲಿ ಹತ್ರ ಜಗಳ. ಔಷಧ ಅಂಗಡಿಯವರು ಕ್ಯಾನಿಗೆ ಫಿಫ್ಟೀನ್ ಎಂಎಲ್ ಅಂದದ್ದು ಫಿಫ್ಟಿ ಅಂತ ಕೇಳಿದ್ರೆ ಬೆಳೆನೇ ಸುಡತೈತಿ. ಕೈಯಾಗ ಕೆಲಸ ಇರೋ ನಾವು ಫೋನ್ ಕಿವಿಗೆ ಹಿಡಿಯೋದು ಕಮ್ಮಿ, ಲೌಡ್‌ಸ್ಪೀಕರ್ ಹಾಕಿ ಬದುವಿನ ಮೇಲೆ ಇಟ್ಟು ಕೇಳೋರು. ಅದಕ್ಕೇ ಇದು ಸಣ್ಣ ವಿಷಯ ಅಲ್ಲ ಅಂತ ಬರೀತಿದ್ದೀನಿ.

ಮೊದಲು ಸ್ಪೀಕರ್ ಎಲ್ಲೈತಿ ತಿಳ್ಕೊಳ್ರಿ. ಸಾಮಾನ್ಯವಾಗಿ ಫೋನಿನ ಮೇಲ್ಗಡೆ ಕಿವಿಗೆ ಹಿಡಿಯೋ ಸಣ್ಣ ಸ್ಪೀಕರ್ ಒಂದು, ಕೆಳಗಡೆ ಚಾರ್ಜರ್ ತೂತಿನ ಬಾಜೂಕ ದೊಡ್ಡ ಸ್ಪೀಕರ್ ಒಂದು. ಕೆಳಗಿನ ತೂತುಗಳ ಹಿಂದೆ ಬಹಳ ಸಣ್ಣ ಕಣ್ಣಿನ ಜಾಲರಿ ಇರತೈತಿ. ಅದರ ಹಿಂದೆ ತೆಳ್ಳನೆ ಪರದೆ, ಪರದೆಗೆ ಅಂಟಿದ ತಂತಿ ಸುರುಳಿ, ಅದರ ಹಿಂದೆ ಅಯಸ್ಕಾಂತ. ಪರದೆ ಅಲುಗಾಡಿದ್ರೆ ದನಿ. ಜಾಲರಿ ಕಟ್ಟಿದ್ರೆ ಪರದೆ ಸರಿಯಾಗೇ ಅಲುಗಾಡತೈತಿ, ದನಿ ಹೊರಗ ಬರೋಕೆ ದಾರಿ ಇರಲ್ಲ. ಈ ಎರಡರ ವ್ಯತ್ಯಾಸ ತಿಳಿದ್ರೆ ಅರ್ಧ ಕೆಲಸ ಮುಗೀತು.

ಅದನ್ನ ಕಿವಿಯಿಂದಲೇ ಹೇಳಬಹುದು. ಗುರುತಿನವರ ಒಂದೇ ವಾಯ್ಸ್ ಮೆಸೇಜ್ ಇಟ್ಕೊಂಡು ಸಣ್ಣ, ನಡುವಿನ, ಪೂರ್ತಿ ಅಂತ ಮೂರು ಸೌಂಡಿನಾಗ ಕೇಳ್ರಿ. ಮೂರರಲ್ಲೂ ಮಂದ ಐತಿ, ಆದ್ರೆ ಗರಗರ ಇಲ್ಲ ಅಂದ್ರೆ ಬಹುಶಃ ಜಾಲರಿ ಕಟ್ಟೇತಿ. ಸಣ್ಣ ಸೌಂಡಿನಾಗೂ ಗರ್ ಗರ್ ಅಂತೈತಿ ಅಂದ್ರೆ ಪರದೆಗೆ ಏನೋ ತಾಗತೈತಿ, ಇಲ್ಲಾ ನೀರು ಕೂತೈತಿ. ಸಣ್ಣದರಾಗ ಸರಿ ಇದ್ದು ಪೂರ್ತಿ ಏರಿಸಿದಾಗ ಮಾತ್ರ ಒಡೆದ ತಮಟೆಯಂಗೆ ಆದ್ರೆ ಪರದೆ ಹರಿದಿರಬಹುದು. ಆದ್ರೆ ಕೆಲವು ರೆಕಾರ್ಡಿಂಗೇ ಹಂಗಿರತಾವ, ಅದಕ್ಕೆ ಇನ್ನೊಂದು ಮೆಸೇಜ್ ಹಾಕಿ ಖಾತ್ರಿ ಮಾಡ್ಕೊಳ್ರಿ. ಅದೇ ಮೆಸೇಜ್ ಇಯರ್‌ಫೋನ್ ಹಾಕಿ ಕೇಳಿದಾಗ ಸ್ವಚ್ಛ ಬಂತು ಅಂದ್ರೆ ಫೋನಿನ ಒಳಗಿನ ಸರಂಜಾಮು ಸರಿ ಐತಿ, ತೊಂದರೆ ಕೆಳಗಿನ ಸ್ಪೀಕರ್ ಹತ್ರಾನೇ. ನಿಮಗೆ ಎಲ್ಲ ಸರಿ ಕೇಳಿ, ಆ ಕಡೆಯವರು "ನಿಮ್ಮ ದನಿ ಕೇಳವಲ್ದು" ಅಂದ್ರೆ ಅದು ಸ್ಪೀಕರ್ ಅಲ್ಲ, ಮೈಕಿನ ತೂತು.

ಹೋದ ಹಂಗಾಮಿನಾಗ ನಮ್ಮ ಬಾಜು ಹೊಲದ ಕಾಕಾನ ಫೋನಿಗೆ ಆದದ್ದು ಹೇಳ್ತೀನಿ. ಪ್ಯಾಟಿ ಅಂಗಡಿಯವ ಫೋನ್ ಬಿಚ್ಚದೇ 600 ರೂಪಾಯಿ ಅಂದಿದ್ದ. ಕಾಕಾ ನನ್ನ ಹತ್ರ ತಂದ್ರು. ಮೂರು ಸೌಂಡಿನಾಗ ಕೇಳಿದ್ವಿ: ಎಲ್ಲದರಾಗೂ ಮಂದ, ಮತ್ತೆ ಸಣ್ಣದರಾಗೂ ತುಸು ಗರಗರ. ಇಯರ್‌ಫೋನಿನಾಗ ಸ್ವಚ್ಛ. ಹೊರಗಿನ ಕವರ್ ತೆಗೆದು ಕೇಳಿದ್ವಿ, ಏನೂ ಫರಕಿಲ್ಲ. ಕವರ್ ತೆಗೆಯೋದು ಮರೀಬ್ಯಾಡ್ರಿ, ಕೆಲವು ಅಗ್ಗದ ಕವರಿನ ತೂತು ಸ್ಪೀಕರಿಗೆ ಸರಿಯಾಗಿ ಕೂಡೋದೇ ಇಲ್ಲ, ಕವರಿನ ಸಂದಿಯೊಳಗ ಹೊಟ್ಟು ತುಂಬಿರೋದೂ ಉಂಟು.

ಆಮೇಲೆ ಬ್ಯಾಟರಿ ಬಿಟ್ಟು ಓರೆಯಾಗಿ ನೋಡಿದ್ವಿ. ಆರು ತೂತಿನಾಗ ನಾಲ್ಕು ಮುಚ್ಚಿದ್ವು. ಕಾಕಾ ಫೋನ್ ಇಡೋದು ಅಂಗಿ ಕಿಸೆಯಾಗ. ಕಿಸೆ ತಳದಾಗ ಹೊಟ್ಟಿನ ಪುಡಿ, ಅರಿವೆ ಎಳೆ, ತಂಬಾಕಿನ ಪುಡಿ ಎಲ್ಲ ಸೇರಿರತೈತಿ, ಸ್ಪೀಕರ್ ಅದರ ಮೇಲೇ ಕೂತಿರತೈತಿ. ಮೇಲಿಂದ ಬೆವರು. ಎಲ್ಲ ಸೇರಿ ಕೆಸರಾಗಿ ಒಣಗಿ ಗಟ್ಟಿ ಆಗೇತಿ.

ಫೋನ್ ಆಫ್ ಮಾಡಿದ್ವಿ. ತೂತು ನೆಲದ ಕಡೆ ಬರೋಹಂಗೆ ಹಿಡಿದು, ಹೊಸಾ ಮೆತ್ತಗಿನ ಹಲ್ಲುಜ್ಜೋ ಬ್ರಷ್ ತಗೊಂಡು, ಒಣಗಿದ್ದನ್ನೇ, ಒಂದೇ ದಿಕ್ಕಿಗೆ ಹಗುರಕ ಎಳೆದ್ವಿ. ತೂತು ಕೆಳಗ ಇರಬೇಕು ಅನ್ನೋದು ಮುಖ್ಯ, ಮೇಲೆ ಇದ್ರೆ ಬಿಡಿಸಿದ ಧೂಳು ಒಳಗೇ ಬೀಳತೈತಿ. ಎರಡು ನಿಮಿಷ ಎಳೆದು ಮತ್ತೆ ಕೇಳಿದ್ವಿ. ದನಿ ಏರಿತ್ತು. ಗರಗರ ಮಾತ್ರ ಹೋಗಿರಲಿಲ್ಲ.

ಮತ್ತೆ ಬೆಳಕು ಬಿಟ್ಟಾಗ ಗೊತ್ತಾತು. ಜಾಲರಿ ಮ್ಯಾಲೆ ಕರೀ ಕೂದಲಿನಂಗೆ ಸಣ್ಣ ಸಣ್ಣ ಮುಳ್ಳು ನೆಟ್ಟಗ ನಿಂತಿದ್ವು. ಬ್ರಷ್ ಎಳೆದ್ರೆ ವಾಲತಿದ್ವು, ಬಿಟ್ರೆ ಮತ್ತೆ ಏಳತಿದ್ವು. ಅದು ಧೂಳಲ್ಲ, ಕಬ್ಬಿಣದ ಪುಡಿ. ಕೇಳಿದ್ರೆ ಕಾಕಾ ಹಿಂದಿನ ವಾರ ವೆಲ್ಡಿಂಗ್ ಅಂಗಡಿಯಾಗ ಕುಂಟಿ ಕುಡ ಹದ ಮಾಡಿಸೋವಾಗ ಗ್ರೈಂಡರ್ ಬಾಜೂಕೇ ನಿಂತಿದ್ರಂತ. ಸ್ಪೀಕರ್ ಒಳಗಿನ ಅಯಸ್ಕಾಂತ ಆ ಪುಡಿನ ಎಳೆದು ಹಿಡ್ಕೊಂಡಿತ್ತು. ಇದಕ್ಕೆ ಬ್ರಷ್ ಕೆಲಸ ಮಾಡಲ್ಲ. ಅಂಟು ಟೇಪ್ ತುಂಡು ಹರಿದು, ಅಂಟು ಕಡೆ ಜಾಲರಿಗೆ ಹಗುರಕ ಒತ್ತಿ ಮೇಲಕ್ಕ ಎತ್ತಬೇಕು, ಉಜ್ಜಬಾರದು. ಪ್ರತಿ ಸಲ ಹೊಸ ತುಂಡು. ಹದಿನೈದು ಸಲ ಎತ್ತಿದ ಮ್ಯಾಲೆ ಟೇಪಿನಾಗ ಕರೀ ಚುಕ್ಕಿ ಬರೋದು ನಿಂತ್ವು, ಗರಗರನೂ ನಿಂತಿತು. 600 ರೂಪಾಯಿ ಉಳೀತು. ಆದ್ರೆ ಪುಡಿ ಜಾಲರಿ ದಾಟಿ ಪರದೆ ಮ್ಯಾಲೆ ಕೂತಿದ್ರೆ ಟೇಪಿಗೆ ಸಿಗತಿರಲಿಲ್ಲ, ಆಗ ಸ್ಪೀಕರ್ ಬದಲಿಸೋದೇ ದಾರಿ.

ಈಗ ಊರಾಗ ಎಲ್ಲರೂ ಮಾಡೋ ಮೂರು ಕೆಲಸದ ಬಗ್ಗೆ ಹೇಳಬೇಕು. ಒಂದು, ಸೂಜಿ ಇಲ್ಲಾ ಸಿಮ್ ಪಿನ್ ಹಾಕಿ ಕೆದರೋದು. ಜಾಲರಿ ಹರೀತು ಅಂದ್ರೆ ಮುಂದಿನ ಧೂಳು ನೇರ ಪರದೆಗೆ. ಮೈಕಿನ ತೂತೂ ಅಲ್ಲೇ ಇರೋದರಿಂದ ಅದನ್ನೂ ಚುಚ್ಚಿ ಕೆಡಸ್ತೀರಿ. ಎರಡು, ಪಂಕ್ಚರ್ ಅಂಗಡಿ ಗಾಳಿ ಹೊಡೆಸೋದು. ಟ್ಯಾಂಕಿನ ಗಾಳಿಯಾಗ ನೀರಿನ ಅಂಶ, ಎಣ್ಣೆ ಅಂಶ ಇರತೈತಿ, ಅದರ ಜೋರಿಗೆ ಪರದೆ ಹರಿಯತೈತಿ, ಹೊರಗಿದ್ದ ಧೂಳೂ ಒಳಗ ಹೋಗತೈತಿ. ಬಾಯಿಂದ ಊದೋದೂ ಬ್ಯಾಡ, ಉಗುಳಿನ ತೇವ ಧೂಳಿಗೆ ಅಂಟು ಆಗತೈತಿ. ಮೂರು, ಪೆಟ್ರೋಲು, ಥಿನ್ನರ್ ಹಚ್ಚೋದು. ಜಾಲರಿ ಅಂಟಿಸಿದ ಗೋಂದೇ ಬಿಡತೈತಿ.

ಇನ್ನ ನೀರಿನ ವಿಷಯ. ಧೂಳಿನಿಂದ ಆದದ್ದು ದಿನದಿಂದ ದಿನಕ್ಕೆ ನಿಧಾನ ಮಂದ ಆಗತೈತಿ. ನೀರಿನಿಂದ ಆದದ್ದು ಒಮ್ಮೆಲೇ, ಮಳೆಗೆ ಸಿಕ್ಕಾಗ, ಕಾಲುವೆಗೆ ಬಿದ್ದಾಗ. ಬಹಳ ಫೋನಿನಾಗ ಸಿಮ್ ಹಾಕೋ ಗೂಡಿನ ಒಳಗೆ ಒಂದು ಬಿಳೀ ಪಟ್ಟಿ ಇರತೈತಿ, ನೀರು ತಾಗಿದ್ರೆ ಕೆಂಪಾಗತೈತಿ. ಟ್ರೇ ತೆಗೆದು ಬ್ಯಾಟರಿ ಬಿಟ್ಟು ನೋಡ್ರಿ. ಕೆಂಪು ಇದ್ರೆ ನೀರು ಒಳಗ ಹೋಗೇತಿ ಅಂತ ಖಾತ್ರಿ. ಬಿಳೀ ಇದ್ರೆ ಏನೂ ಆಗಿಲ್ಲ ಅಂತ ಹೇಳೋಕಾಗಲ್ಲ, ಸ್ಪೀಕರ್ ಬಾಯಾಗ ನಿಂತ ಎರಡು ಹನಿ ಅಲ್ಲೀತನಕ ಮುಟ್ಟೋದಿಲ್ಲ. ಕೆಲವು ಫೋನಿನಾಗ ಪಟ್ಟಿ ಹೊರಗಿಂದ ಕಾಣೋದೂ ಇಲ್ಲ.

ನೀರು ಹೋದ ಫೋನ್ ಕೂಡಲೇ ಆಫ್ ಮಾಡ್ರಿ, ಚಾರ್ಜಿಗೆ ಹಾಕಬ್ಯಾಡ್ರಿ. ತೂತು ಕೆಳಗ ಮಾಡಿ ಅಂಗೈಗೆ ಹಗುರಕ ತಟ್ರಿ, ಹನಿ ಹೊರಗ ಬರತಾವ. ಸಿಮ್ ಟ್ರೇ ತೆಗೆದು ಫ್ಯಾನ್ ಗಾಳಿಗೆ ಒಂದು ದಿನ ಇಡ್ರಿ. ಅಕ್ಕಿ ಡಬ್ಬಿಯೊಳಗ ಹುಗಿಯೋ ಪದ್ಧತಿ ಬಿಡ್ರಿ, ತೌಡಿನ ಪುಡಿ ಒದ್ದಿ ಜಾಲರಿಗೆ ಹತ್ತಿ ಹೊಸಾ ಧೂಳಾಗತೈತಿ. ಗುಂಯ್ ಅಂತ ಸಪ್ಪಳ ಹಾಕಿ ನೀರು ಹೊರಗ ತಳ್ಳೋ ವಿಡಿಯೋ ಅದಾವಲ್ಲ, ಬಾಯಾಗ ನಿಂತ ಹನಿಗೆ ಅದು ಸ್ವಲ್ಪ ಕೆಲಸ ಮಾಡತೈತಿ. ಆದ್ರೆ ಫೋನ್ ಪೂರ್ತಿ ತೊಯ್ದಿದ್ರೆ ಅದಕ್ಕಂತ ಆನ್ ಮಾಡಬ್ಯಾಡ್ರಿ, ಒಣಗಿದ ಮಣ್ಣಿಗಂತೂ ಅದರಿಂದ ಉಪಯೋಗ ಇಲ್ಲ.

ನೀರು ಅಂದ್ರೆ ಎಲ್ಲ ನೀರೂ ಒಂದೇ ಅಲ್ಲ. ಮಳೆ ಹನಿ ಒಣಗಿದ್ರೆ ದನಿ ತಾನೇ ಸರಿ ಆಗಬಹುದು. ಕಾಲುವೆ ಕೆಸರು ಒಣಗಿದ್ರೆ ಮಣ್ಣು ಉಳೀತೈತಿ, ಆಗ ಮತ್ತೆ ಬ್ರಷ್ ಹಿಡೀಬೇಕು. ಔಷಧದ ನೀರು, ಯೂರಿಯಾ ನೀರು ಹೋಗಿದ್ರೆ ಮಾತ್ರ ಒಣಗಿಸಿ ಸುಮ್ಮನಿರಬ್ಯಾಡ್ರಿ. ಅದರ ಉಪ್ಪು ಒಳಗೇ ಕೂತು ತಾಮ್ರ ತಿನ್ನತೈತಿ, ಇವತ್ತು ಕೆಲಸ ಮಾಡಿದ ಫೋನ್ ತಿಂಗಳಿಗೆ ಸತ್ತು ಹೋಗತೈತಿ. ಅಂಥದ್ದನ್ನ ಬೇಗ ಬಿಚ್ಚಿಸಿ ತೊಳೆಸಬೇಕು, ಏನು ಹೋಗೇತಿ ಅಂತ ಅಂಗಡಿಯವನಿಗೆ ಹೇಳಬೇಕು.

"ಸ್ಪೀಕರಿಗೆ ಐನೂರು ಆರುನೂರು ಕೊಟ್ರೆ ಮುಗೀತಲ್ಲ, ಇಷ್ಟು ತಾಪತ್ರಯ ಯಾಕೆ" ಅನ್ನೋರಿಗೆ ಒಂದು ಮಾತು. ಫೋನ್ ಬಿಚ್ಚಿದಾಗ ಅಂಚಿನ ಗೋಂದು ಹರೀತೈತಿ, ಮೊದಲಿನಂಗೆ ನೀರು ತಡೆಯಂಗಿಲ್ಲ. ಕಿಸೆ ತಳ ಅದೇ ಇದ್ರೆ ಹೊಸಾ ಸ್ಪೀಕರೂ ಮುಂದಿನ ಒಕ್ಕಣೆಗೆ ಕಟ್ಟತೈತಿ. ಅದಕ್ಕೆ ಅಂಗಡಿಗೆ ಹೋಗಲೇಬೇಕಾದ್ರೆ ಮೊದಲು ಜಾಲರಿ ಸ್ವಚ್ಛ ಮಾಡಿ ಕೇಳಿಸು ಅನ್ರಿ, ಬದಲಿಸಿದ್ರೆ ಹಳೇ ಸ್ಪೀಕರ್ ಕೈಗೆ ಕೊಡು ಅನ್ರಿ. ಪರದೆ ಹರಿದದ್ದು ಕಣ್ಣಿಗೆ ಕಾಣತೈತಿ. ಹಂಗಿದ್ರೆ ಕೊಟ್ಟ ರೊಕ್ಕ ದಂಡ ಅಲ್ಲ.

ಮಷಿನ್ ಮುಂದೆ ನಿಲ್ಲೋ ದಿನ ಫೋನ್ ಕಿಸೆಯಾಗ ತಲೆಕೆಳಗ ಇಡ್ರಿ, ಸ್ಪೀಕರ್ ಮೇಲ್ಗಡೆ ಬರಲಿ. ವಾರಕ್ಕೊಮ್ಮೆ ಕಿಸೆ ಹೊರಳಿಸಿ ಝಾಡಿಸ್ರಿ. ಗ್ರೈಂಡರ್ ನಡೆಯೋ ಕಡೆ ಹೋಗೋವಾಗ ಫೋನ್ ಗಾಡಿ ಡಿಕ್ಕಿಯಾಗ ಬಿಡ್ರಿ. ಯಾರದಾದ್ರೂ ಫೋನ್ ಈಗಾಗಲೇ ಮಂದ ಆಗಿದ್ರೆ, ಮೂರು ಸೌಂಡಿನಾಗ ಹೆಂಗ ಕೇಳತೈತಿ ಅಂತ ಕೆಳಗ ಬರೀರಿ, ಜಾಲರಿನೋ ಪರದೆನೋ ಕೂಡಿ ನೋಡೋಣ.