ಜ್ವರ ಬಿಟ್ಟರೆ ರೋಗ ಬಿಟ್ಟಂತಲ್ಲ

ಹಾಲು ಕರೆಯುವ ಕೆಲಸದ ಒಬ್ಬರಿಗೆ ಸಂಜೆಯಾದರೆ ಜ್ವರ, ರಾತ್ರಿ ಬೆವರು, ಸೊಂಟನೋವು. ತಿಂಗಳ ಹಿಂದೆ ಕೊಟ್ಟಿಗೆಯ ಎಮ್ಮೆ ಕಂದು ಹಾಕಿದಾಗ ಸತ್ತೆಯನ್ನು ಬರಿಗೈಲಿ ತೆಗೆದಿದ್ದರು. ರಕ್ತಪರೀಕ್ಷೆಯಲ್ಲಿ ಬ್ರುಸೆಲ್ಲೋಸಿಸ್ ಎಂದು ಬಂತು. ಹತ್ತು ದಿನ ಡಾಕ್ಸಿಸೈಕ್ಲಿನ್ ನುಂಗಿದರು, ಜ್ವರ ಬಿಟ್ಟಿತು, ಮಾತ್ರೆಯೂ ನಿಂತಿತು. ಮೂರು ತಿಂಗಳಿಗೆ ಜ್ವರ ಮತ್ತೆ ಬಂತು.

ತಪ್ಪು ಅವರದೊಂದೇ ಎಂದರೆ ನಾವು ಒಪ್ಪುವುದಿಲ್ಲ. ಹತ್ತು ದಿನದ ಚೀಟಿ ಬರೆದು, ಮುಂದಿನದ್ದು ಹೇಳದೆ ಕಳಿಸಿದವರದೂ ತಪ್ಪೇ.

ಈ ರೋಗಾಣು ನಮ್ಮ ಜೀವಕೋಶದೊಳಗೇ ಅಡಗುತ್ತದೆ. ಅದಕ್ಕೇ ಒಂದು ಔಷಧ ಸಾಲದು, ಎರಡು ಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೆ ಎರಡು ಸಲ, ಪೂರ್ತಿ 6 ವಾರ. ಜೊತೆಗೆ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ ದಿನಕ್ಕೊಂದರಂತೆ 2–3 ವಾರ, ಇಲ್ಲವೇ ರಿಫಾಂಪಿಸಿನ್ ಮಾತ್ರೆ 6 ವಾರ. ಬೆನ್ನುಮೂಳೆಗೋ ಹೃದಯಕ್ಕೋ ತಗುಲಿದ್ದರೆ ಇನ್ನೂ ಹೆಚ್ಚು ಕಾಲ. ಗರ್ಭಿಣಿಯರಿಗೆ, ಮಕ್ಕಳಿಗೆ ಔಷಧವೇ ಬೇರೆ, ವೈದ್ಯರೇ ನಿರ್ಧರಿಸಬೇಕು.

ಇಂಜೆಕ್ಷನ್ ಜೋಡಿಯಲ್ಲಿ ರೋಗ ಮರುಕಳಿಸುವುದು ಕಡಿಮೆ. ರಿಫಾಂಪಿಸಿನ್ ಡಾಕ್ಸಿಸೈಕ್ಲಿನ್‌ನ ಮಟ್ಟವನ್ನು ರಕ್ತದಲ್ಲಿ ತಗ್ಗಿಸುತ್ತದೆ. ಆದರೆ ಕೂಲಿಯವರು ದಿನಾ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಹಾಗಾಗಿ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸಂಜೆ ಇಂಜೆಕ್ಷನ್ ಸಿಗಲಿ ಎಂಬುದು ನಮ್ಮ ಬೇಡಿಕೆ. ಕಿವಿ ಗುಂಯ್‌ಗುಟ್ಟಿದರೆ, ತಲೆ ತಿರುಗಿದರೆ ತಕ್ಷಣ ವೈದ್ಯರಿಗೆ ಹೇಳಿ. ರಿಫಾಂಪಿಸಿನ್‌ನಿಂದ ಮೂತ್ರ ಕೆಂಪಾದರೆ ಹೆದರಿ ಮಾತ್ರೆ ಬಿಡಬೇಡಿ.

ವಾಸಿಯಾಗಿ ಅದೇ ಕೊಟ್ಟಿಗೆಗೆ ಬರಿಗೈಲಿ ಮರಳಿದರೆ ರೋಗ ಹೊಸದಾಗಿ ಅಂಟುತ್ತದೆ. ಕೈಗವಸು ಮಾಲೀಕರು ಕೊಡಲಿ, 4–8 ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕಿಸಲಿ. ಕೆಲಸಗಾರರ ಮೈಯೂ ಅವರ ಕೊಟ್ಟಿಗೆಯ ಲೆಕ್ಕದಲ್ಲೇ ಬರುತ್ತದೆ.