ಮೂಲ ನೋಡದೆ ‘ಆಧಾರ: ಜನಗಣತಿ ವರದಿ’ ಎಂದು ಬರೆಯಬೇಡಿ

ಹಳೆಯ ಜನಗಣತಿ ವರದಿಯ ಸಂಖ್ಯೆ ಬೇಕಾದರೆ ಹಿಂದೆ ಗ್ರಂಥಾಲಯಕ್ಕೆ ಹೋಗಿ, ಧೂಳು ಕೊಡವಿ, ಪುಟ ಹುಡುಕಿ, ಕೈಯಾರೆ ಬರೆದುಕೊಳ್ಳಬೇಕಿತ್ತು. ಈಗ ಮುಂಬಯಿಯಲ್ಲೋ ದೆಹಲಿಯಲ್ಲೋ ಕೂತೇ ಆ ಸಂಪುಟದ ಪಿಡಿಎಫ್ ಇಳಿಸಿಕೊಳ್ಳುತ್ತೇವೆ, ಊರಿನ ಹೆಸರು ಹಾಕಿ ಹುಡುಕುತ್ತೇವೆ, ಸಿಕ್ಕ ಸಾಲನ್ನು ನಕಲು ಮಾಡಿ ಲೇಖನಕ್ಕೆ ಅಂಟಿಸುತ್ತೇವೆ. ಕೆಳಗೆ ‘ಆಧಾರ: ಜನಗಣತಿ ವರದಿ’ ಎಂದು ಬರೆಯುತ್ತೇವೆ. ಸಂಘಗಳ ಸ್ಮರಣ ಸಂಚಿಕೆಯಿಂದ ಹಿಡಿದು ಗಡಿ ವಿವಾದದ ವಾದಗಳವರೆಗೆ ಇಂಥ ಸಂಖ್ಯೆಗಳು ಓಡಾಡುತ್ತಿವೆ. ನನ್ನ ತಕರಾರು ಆ ಕೊನೆಯ ಸಾಲಿನ ಬಗ್ಗೆ. ಅದು ನಿಜವಲ್ಲ. ನೀವು ನಕಲು ಮಾಡಿದ್ದು ಜನಗಣತಿ ವರದಿಯನ್ನಲ್ಲ, ಆ ವರದಿಯ ಚಿತ್ರವನ್ನು ನೋಡಿ ಒಂದು ತಂತ್ರಾಂಶ ಊಹಿಸಿದ್ದನ್ನು.

ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಎರಡು ಪದರಗಳಿರುತ್ತವೆ. ಕಣ್ಣಿಗೆ ಕಾಣುವುದು ಪುಟದ ಚಿತ್ರ. ಅದರ ಹಿಂದೆ, ಕಾಣದಂತೆ, ಓಸಿಆರ್ ತಂತ್ರಾಂಶ ಚಿತ್ರವನ್ನು ಓದಿ ಬರೆದಿಟ್ಟ ಪಠ್ಯ ಇರುತ್ತದೆ. ನಾವು ಹುಡುಕುವುದು, ನಕಲು ಮಾಡುವುದು ಎಲ್ಲ ಆ ಕಾಣದ ಪಠ್ಯದಲ್ಲಿ. ಹೀಗಾಗಿ ಕಣ್ಣು 41,86,188 ನೋಡುತ್ತಿರುವಾಗಲೇ ಕೈ 41,36,188 ಅನ್ನು ಅಂಟಿಸಿರಬಹುದು. ‘ನಾನು ಪುಟ ನೋಡಿಯೇ ತೆಗೆದುಕೊಂಡೆ’ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರು ನೋಡಿದ್ದು ಒಂದು, ತೆಗೆದುಕೊಂಡದ್ದು ಇನ್ನೊಂದು.

‘ತಂತ್ರಾಂಶ ಈಗ ನೂರಕ್ಕೆ ತೊಂಬತ್ತೊಂಬತ್ತು ಸರಿಯಾಗಿ ಓದುತ್ತದೆಯಲ್ಲ?’ ಎಂಬುದು ಸಾಮಾನ್ಯ ಉತ್ತರ. ಆ ತೊಂಬತ್ತೊಂಬತ್ತು ಅಕ್ಷರಗಳ ಲೆಕ್ಕ, ಸಂಖ್ಯೆಗಳ ಲೆಕ್ಕವಲ್ಲ. ಏಳು ಅಂಕಿಗಳ ಒಂದು ಸಂಖ್ಯೆ ಸರಿ ಇರಬೇಕಾದರೆ ಏಳೂ ಅಂಕಿ ಸರಿ ಇರಬೇಕು. ಪ್ರತಿ ಅಂಕಿಗೆ 99ರ ಭರವಸೆ ಇದ್ದರೆ ಇಡೀ ಸಂಖ್ಯೆಗೆ ಉಳಿಯುವುದು ಸುಮಾರು 93. ಇಂಥ ಇನ್ನೂರು ಸಂಖ್ಯೆಗಳ ಕೋಷ್ಟಕದಲ್ಲಿ ಹದಿಮೂರು ಹದಿನಾಲ್ಕು ತಪ್ಪು ಇರುತ್ತವೆ ಎಂದೇ ಲೆಕ್ಕ ಇಟ್ಟುಕೊಳ್ಳಬೇಕು. ಯಾವ ಹದಿನಾಲ್ಕು ಎಂದು ಯಾರೂ ಹೇಳುವುದಿಲ್ಲ.

ಪದ ತಪ್ಪಿದರೆ ಗೊತ್ತಾಗುತ್ತದೆ. ‘ತುಮಕೂರು’ ಎಂಬುದು ‘ತುಮಕೂದು’ ಆದರೆ ಓದುಗ ನಗುತ್ತಾನೆ, ತಂತ್ರಾಂಶವೂ ನಿಘಂಟು ನೋಡಿ ತಿದ್ದಿಕೊಳ್ಳುತ್ತದೆ. ಸಂಖ್ಯೆಗಳಿಗೆ ನಿಘಂಟಿಲ್ಲ. ತಪ್ಪಾಗಿ ಓದಿದ ಸಂಖ್ಯೆಯೂ ಸಂಖ್ಯೆಯ ಹಾಗೆಯೇ ಕಾಣುತ್ತದೆ, ಅಷ್ಟೇ ಗಂಭೀರವಾಗಿ. ಹಳೆಯ ಅಚ್ಚಿನಲ್ಲಿ ಮಸಿ ಹರಡಿದ 3 ಎಂಟಾಗುತ್ತದೆ, ಸವೆದ 8 ಮೂರಾಗುತ್ತದೆ, 7 ಒಂದಾಗುತ್ತದೆ, 5 ಆರಾಗುತ್ತದೆ. ಕನ್ನಡ ಅಂಕಿಗಳಾದರೆ ೩ ಮತ್ತು ೬ ಒಂದಕ್ಕೊಂದು ವೇಷ ಹಾಕುತ್ತವೆ, ಸೊನ್ನೆಯೂ ಅನುಸ್ವಾರವೂ ಒಂದೇ ಆಗಿಬಿಡುತ್ತವೆ. ಸಂಖ್ಯೆಯ ಪಕ್ಕ ಅಡಿಟಿಪ್ಪಣಿಯ ಪುಟ್ಟ 1 ಇದ್ದರೆ ಅದು ಸಂಖ್ಯೆಯ ಬಾಲಕ್ಕೆ ಅಂಟಿ 1,204 ಎಂಬುದು 12,041 ಆಗುತ್ತದೆ.

‘ಅಸಂಬದ್ಧವಾಗಿದ್ದರೆ ನಮಗೇ ಅನುಮಾನ ಬರುತ್ತದೆ’ ಎನ್ನುವವರಿಗಾಗಿ ಮೈಸೂರು ಸಂಸ್ಥಾನದ ಜನಸಂಖ್ಯೆಯನ್ನೇ ತೆಗೆದುಕೊಳ್ಳೋಣ. 1871ರಲ್ಲಿ 50,55,412. 1881ರಲ್ಲಿ 41,86,188. 1891ರಲ್ಲಿ 49,43,604. ಮೊದಲ ಎರಡರ ನಡುವೆ 8,69,224 ಮಂದಿ ಕಡಿಮೆ, ನೂರಕ್ಕೆ ಹದಿನೇಳು. ಇದು ಅಚ್ಚಿನ ತಪ್ಪಲ್ಲ, 1876ರಿಂದ 78ರವರೆಗಿನ ಮಹಾಕ್ಷಾಮ. ಸತ್ತವರು, ಊರು ಬಿಟ್ಟು ಹೋದವರು, ಹುಟ್ಟದೇ ಉಳಿದ ಮಕ್ಕಳು, ಎಲ್ಲರೂ ಆ ವ್ಯತ್ಯಾಸದೊಳಗಿದ್ದಾರೆ.

ಈಗ ‘ಅನುಮಾನ ಬಂದರೆ ತಿದ್ದುತ್ತೇವೆ’ ಎಂಬ ನಿಯಮ ಇಲ್ಲಿ ಏನು ಮಾಡುತ್ತದೆ ನೋಡಿ. ಜನಸಂಖ್ಯೆ ಏರುತ್ತಾ ಹೋಗಬೇಕು ಎಂದು ನಂಬಿದವನಿಗೆ ಮೊದಲು ಅನುಮಾನ ಬರುವುದು ಸರಿಯಾದ ಸಂಖ್ಯೆಯ ಮೇಲೆಯೇ. ‘ಮೊದಲ ಅಂಕಿ 5 ಇರಬೇಕು, ತಂತ್ರಾಂಶ 4 ಎಂದು ಓದಿದೆ’ ಎಂದು ಅವನು 51,86,188 ಮಾಡಿದರೆ 1871ರಿಂದ 81ಕ್ಕೆ ಏರಿಕೆ ಚಂದ ಕಾಣುತ್ತದೆ. ಆದರೆ 1881ರಿಂದ 91ಕ್ಕೆ ಇಳಿಕೆ ಬರುತ್ತದೆ. ಒಂದೇ ಅಂಕಿಯಲ್ಲಿ ಕ್ಷಾಮ ಹತ್ತು ವರ್ಷ ಮುಂದಕ್ಕೆ ಸರಿಯಿತು. ಮುಂದೆ ಯಾರಾದರೂ ಈ ಕೋಷ್ಟಕ ಹಿಡಿದುಕೊಂಡು 1880ರ ದಶಕದಲ್ಲಿ ಮೈಸೂರಿನಲ್ಲಿ ಏನು ಅನಾಹುತವಾಯಿತು ಎಂದು ಕಾರಣ ಹುಡುಕಲು ಹೊರಟರೆ, ಹುಡುಕಿದವರಿಗೆ ಏನಾದರೊಂದು ಕಾರಣ ಸಿಕ್ಕೇ ಸಿಗುತ್ತದೆ.

ಇನ್ನೊಂದು ಕಡೆ, ನಡುವಿನ 8 ಮೂರಾಗಿ 41,36,188 ಆದರೆ ಯಾರಿಗೂ ಅನುಮಾನ ಬರುವುದಿಲ್ಲ. ಕ್ಷಾಮ ಗೊತ್ತಿದ್ದವನಿಗೂ ಬರುವುದಿಲ್ಲ, ಇಳಿಕೆ ಇದ್ದೇ ಇದೆಯಲ್ಲ. ಐವತ್ತು ಸಾವಿರ ಜನ ಸದ್ದಿಲ್ಲದೆ ಲೆಕ್ಕದಿಂದ ಹೊರಗೆ ಹೋದರು. ಅನುಮಾನ ಎನ್ನುವುದು ನಾವು ಮೊದಲೇ ನಂಬಿದ್ದನ್ನು ಕಾಯುವ ಕಾವಲುಗಾರ. ನಮ್ಮ ನಂಬಿಕೆಗೆ ಹೊಂದುವ ತಪ್ಪನ್ನು ಅದು ಸಲಾಂ ಹೊಡೆದು ಒಳಗೆ ಬಿಡುತ್ತದೆ.

ಇದಕ್ಕಿಂತ ಗಟ್ಟಿ ವಾದ ಒಂದಿದೆ: ‘ನಾವು ಮೊತ್ತ ಕೂಡಿ ನೋಡುತ್ತೇವೆ.’ ಒಳ್ಳೆಯ ಅಭ್ಯಾಸ, ಎಲ್ಲರೂ ಮಾಡಬೇಕು. 1901ರಲ್ಲಿ ಮೈಸೂರಿನ ಗಂಡಸರು 27,97,024, ಹೆಂಗಸರು 27,42,375, ಒಟ್ಟು 55,39,399. ತಂತ್ರಾಂಶ ಗಂಡಸರ ಸಂಖ್ಯೆಯ ಸಾವಿರದ ಸ್ಥಾನದ 7 ಅನ್ನು 1 ಎಂದು ಓದಿತು ಎನ್ನೋಣ. ಅದು 27,91,024 ಆಗುತ್ತದೆ, ಕೂಡಿದರೆ 55,33,399 ಬರುತ್ತದೆ, ಅಚ್ಚಿನ ಮೊತ್ತಕ್ಕಿಂತ 6,000 ಕಡಿಮೆ. ಈ 6,000 ಒಂದು ಸುಳಿವು. ಒಂದೇ ಅಂಕಿ ತಪ್ಪಿದ್ದರೆ ಅದು ಸಾವಿರದ ಸ್ಥಾನದಲ್ಲಿದೆ, ಅಂಕಿಗಳ ಅಂತರ ಆರು. 7 ಮತ್ತು 1ರ ನಡುವಿನ ಅಂತರ ಆರು. ಆದರೆ 9 ಮತ್ತು 3ರ ನಡುವಿನದೂ ಆರೇ. ಅಂದರೆ ಗಂಡಸರ ಸಂಖ್ಯೆ ತಪ್ಪಿರಬಹುದು, ಇಲ್ಲವೇ ಒಟ್ಟು ಮೊತ್ತವೇ 55,33,399 ಇದ್ದು ಅದನ್ನು ತಪ್ಪಾಗಿ ಓದಿರಬಹುದು. ಲೆಕ್ಕ ಇಷ್ಟು ಹೇಳಿ ಸುಮ್ಮನಾಗುತ್ತದೆ. ತೀರ್ಪು ಕೊಡಬೇಕಾದದ್ದು ಪುಟದ ಚಿತ್ರ.

ಎರಡೂ ತಪ್ಪಿದ್ದರೆ? ಗಂಡಸರ ಸಾಲಿನ 7 ಒಂದಾಗಿ, ಮೊತ್ತದ ಸಾಲಿನ 9 ಮೂರಾಗಿದ್ದರೆ 27,91,024 ಮತ್ತು 27,42,375 ಕೂಡಿ ಸರಿಯಾಗಿ 55,33,399 ಬರುತ್ತದೆ. ಎರಡು ಸಂಖ್ಯೆ ಸುಳ್ಳು, ಲೆಕ್ಕ ಮಾತ್ರ ಸತ್ಯ. ಇದು ಅಪರೂಪ, ಒಪ್ಪುತ್ತೇನೆ. ಅಪರೂಪವಲ್ಲದ್ದು ಸಾಲು ಜಾರುವುದು. ಆಗಿನ ಮೈಸೂರಿನ ಕೋಷ್ಟಕದಲ್ಲಿ ಎಂಟು ಜಿಲ್ಲೆಗಳು. ಹಾಸನದ ಹೆಸರಿನ ಪಕ್ಕ ಒಂದು ಟಿಪ್ಪಣಿ ಇದ್ದು ಅದು ಎರಡನೇ ಸಾಲಿಗೆ ಇಳಿದರೆ ತಂತ್ರಾಂಶ ಅದನ್ನು ಇನ್ನೊಂದು ಜಿಲ್ಲೆ ಎಂದು ಎಣಿಸುತ್ತದೆ, ಅಲ್ಲಿಂದ ಮುಂದೆ ಶಿವಮೊಗ್ಗದ ಸಂಖ್ಯೆ ಕಡೂರಿಗೆ, ಚಿತ್ರದುರ್ಗದ್ದು ಶಿವಮೊಗ್ಗಕ್ಕೆ ಹೋಗಬಹುದು. ಒಂದೊಂದು ಅಂಕಿಯೂ ಸರಿ, ಮೊತ್ತವೂ ಸರಿ, ಜಿಲ್ಲೆಗಳು ಮಾತ್ರ ಅದಲುಬದಲು. ಕೂಡುವ ಲೆಕ್ಕಕ್ಕೆ ಯಾವ ಸಂಖ್ಯೆ ಯಾರದ್ದು ಎಂಬುದು ಗೊತ್ತೇ ಇಲ್ಲ.

‘ಸಾವಿರಾರು ಸಂಖ್ಯೆಗಳಲ್ಲಿ ಕೆಲವು ಹೆಚ್ಚು, ಕೆಲವು ಕಡಿಮೆ ಆಗಿ ಸರಾಸರಿಯಲ್ಲಿ ಸರಿಹೋಗುತ್ತದೆ’ ಎನ್ನುವವರೂ ಇದ್ದಾರೆ. ಅಳತೆಯ ಸಣ್ಣ ಏರುಪೇರಿಗೆ ಹೇಳುವ ಮಾತದು, ಇಲ್ಲಿಗೆ ಹೊಂದುವುದಿಲ್ಲ. ಎಡದ ಅಂಕಿ ತಪ್ಪಿದರೆ ಲಕ್ಷಗಟ್ಟಲೆ, ಬಲದ್ದು ತಪ್ಪಿದರೆ ಬಿಡಿ ಲೆಕ್ಕ. ಅಲ್ಲದೆ ಒಂದು ಸಂಪುಟದ ಅಚ್ಚುಮೊಳೆಯಲ್ಲಿ 3 ಎಂಟರಂತೆ ಕಂಡರೆ ಪುಸ್ತಕದುದ್ದಕ್ಕೂ ಹಾಗೆಯೇ ಕಾಣುತ್ತದೆ, ತಪ್ಪುಗಳೆಲ್ಲ ಒಂದೇ ದಿಕ್ಕಿಗೆ ವಾಲುತ್ತವೆ.

ಹಾಗಾದರೆ ಚಿತ್ರ ನೋಡಿದರೆ ಸಾಕೇ? ಬಹುಪಾಲು ಸಾಕು, ಯಾವಾಗಲೂ ಅಲ್ಲ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕ ವಿಜ್ಞಾನಿ ಜೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನರ್ ಯಂತ್ರಗಳು ಚಿತ್ರದೊಳಗಿನ ಅಂಕಿಗಳನ್ನೇ ಬದಲಿಸುತ್ತಿವೆ ಎಂದು ತೋರಿಸಿದರು. ಒಂದು ಕಟ್ಟಡದ ನಕ್ಷೆಯಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11, 17.42 ಚದರ ಮೀಟರ್ ಇದ್ದದ್ದು ಸ್ಕ್ಯಾನ್‌ನಲ್ಲಿ ಮೂರೂ 14.13 ಆಗಿತ್ತು. ಅಲ್ಲಿ ಓಸಿಆರ್ ಇರಲೇ ಇಲ್ಲ. ಕಡತದ ಗಾತ್ರ ಇಳಿಸಲು ಯಂತ್ರ ಒಂದೇ ತರಹ ಕಂಡ ಆಕಾರಗಳನ್ನು ಒಮ್ಮೆ ಮಾತ್ರ ಉಳಿಸಿಕೊಂಡು, ಉಳಿದ ಕಡೆ ಅದನ್ನೇ ಅಂಟಿಸುತ್ತಿತ್ತು. ಮಸುಕಿಲ್ಲದ, ಚೊಕ್ಕವಾದ, ತಪ್ಪು ಅಂಕಿಗಳು. ಹೀಗಾಗಿ ವಾದವೆಲ್ಲ ಒಂದೇ ಸಂಖ್ಯೆಯ ಮೇಲೆ ನಿಂತಿದ್ದರೆ ಬೇರೆ ಪ್ರತಿಯಿಂದ ಮಾಡಿದ ಇನ್ನೊಂದು ಸ್ಕ್ಯಾನ್ ನೋಡಬೇಕು, ಸಾಧ್ಯವಾದರೆ ಕಾಗದದ ಪುಸ್ತಕವನ್ನೇ.

ನಾನು ಕೇಳುತ್ತಿರುವುದು ಸಾವಿರ ಪುಟ ಓದಿ ಎಂದಲ್ಲ. ಲೇಖನದಲ್ಲಿ ಸಾಮಾನ್ಯವಾಗಿ ಹತ್ತು ಹದಿನೈದು ಸಂಖ್ಯೆಗಳಿರುತ್ತವೆ. ಅವುಗಳ ಪುಟದ ಚಿತ್ರ ತೆರೆದು, ದೊಡ್ಡದು ಮಾಡಿ, ಅಂಕಿ ಅಂಕಿಯಾಗಿ ಗಟ್ಟಿಯಾಗಿ ಓದಿ. ಸಾಲಿನ ತಲೆಯಲ್ಲಿ ಯಾವ ಊರಿದೆ, ಕಾಲಮ್ಮಿನ ತಲೆಯಲ್ಲಿ ಯಾವ ವರ್ಷವಿದೆ, ಕೆಳಗೆ ಅಡಿಟಿಪ್ಪಣಿ ಇದೆಯೇ ನೋಡಿ. ಸಂಪುಟದ ಜೊತೆ ತಪ್ಪೊಪ್ಪೋಲೆ ಇದ್ದರೆ ಅದನ್ನೂ ನೋಡಿ. ಪುಟ ಸಂಖ್ಯೆ ಬರೆಯಿರಿ. ಒಂದು ಸಂಜೆಯ ಕೆಲಸವೂ ಅಲ್ಲ. ಇಡೀ ಕೋಷ್ಟಕ ಬೇಕಿದ್ದರೆ ಮೊತ್ತ ಕೂಡಿ ನೋಡಿ, ಹೊಂದದ ಕಡೆ ಚಿತ್ರ ತೆರೆಯಿರಿ. ಆಮೇಲೆ ಇನ್ನೊಬ್ಬರಿಂದ ಚಿತ್ರ ನೋಡಿಯೇ ಹೊಸದಾಗಿ ಟೈಪ್ ಮಾಡಿಸಿ ಎರಡನ್ನೂ ಹೋಲಿಸಿ. ತಂತ್ರಾಂಶದ ಪಠ್ಯವನ್ನು ಅವರಿಗೆ ತೋರಿಸಬೇಡಿ, ತೋರಿಸಿದರೆ ಅವರ ಕಣ್ಣೂ ಅದನ್ನೇ ಓದುತ್ತದೆ. ಮೂಲದಲ್ಲೇ ಲೆಕ್ಕ ತಪ್ಪಿದ್ದರೆ ಸದ್ದಿಲ್ಲದೆ ತಿದ್ದಬೇಡಿ. ಇದ್ದ ಹಾಗೆ ಬರೆದು, ತಪ್ಪಿದೆ ಎಂದು ಪಕ್ಕದಲ್ಲಿ ಹೇಳಿ.

ಅಷ್ಟು ಮಾಡಲು ಸಮಯ ಇಲ್ಲದಿದ್ದರೆ ಅದಕ್ಕೂ ಒಂದು ಪ್ರಾಮಾಣಿಕ ದಾರಿ ಇದೆ: ‘ಯಂತ್ರ ಓದಿದ ಪಠ್ಯದಿಂದ, ಮೂಲದೊಂದಿಗೆ ಹೋಲಿಸಿಲ್ಲ’ ಎಂದು ಬರೆಯಿರಿ. ಸಂಪಾದಕರು ಆ ಸಾಲನ್ನು ಕೇಳಿ ಪಡೆಯಬೇಕು. ಅದನ್ನು ಬರೆಯಲು ಮುಜುಗರವಾದರೆ ಆ ಸಂಖ್ಯೆ ಇನ್ನೂ ಅಚ್ಚಿಗೆ ಸಿದ್ಧವಾಗಿಲ್ಲ ಎಂದೇ ಅರ್ಥ. ಶಿವಮೊಗ್ಗದ ಜನ ಕಡೂರಿನ ಲೆಕ್ಕಕ್ಕೆ ಹೋದರೆ ಯಂತ್ರವನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ, ಅದರ ಹೆಸರು ಲೇಖನದ ಮೇಲೆ ಇರುವುದಿಲ್ಲ. ನಿಮ್ಮದು ಇರುತ್ತದೆ.