ಪಾಪ, ಮೊಟ್ಟೆ ಮೇಲೆ ಯಾಕ್ರೀ ಕೇಸು?

ಅಪ್ಪನಿಗೆ ಶುಗರ್ ಇದೆ ಅಂತ ಗೊತ್ತಾದ ವಾರವೇ ಕೆ.ಆರ್. ಪೇಟೆಯ ನಮ್ಮನೆಯಲ್ಲಿ ಮೊಟ್ಟೆ ನಿಂತುಹೋಯಿತು. ಮುದ್ದೆ ನಿಲ್ಲಲಿಲ್ಲ, ಅನ್ನವೂ ನಿಲ್ಲಲಿಲ್ಲ. ಶ್ರೀರಂಗಪಟ್ಟಣದ ಅತ್ತೆ ಫೋನ್ ಮಾಡಿ ‘ಮೊಟ್ಟೆ ಹೀಟು, ಶುಗರ್ ಏರಿಸ್ಬುಡ್ತದೆ’ ಅಂದರು. ನಾಗಮಂಗಲದ ಭಾವ ‘ಹಳದಿ ತಿಂದ್ರೆ ಹಾರ್ಟಿಗೂ ಡೇಂಜರ್’ ಅಂತ ಸೇರಿಸಿದರು. ಬೆಂಗಳೂರಲ್ಲಿ ಕೂತ ನಾನೇನು ಕಮ್ಮಿ? ಶುಗರ್‌ಫ್ರೀ ಬಿಸ್ಕತ್ತು ಆರ್ಡರ್ ಮಾಡಿ ಕಳಿಸಿ ಮಗನ ಕರ್ತವ್ಯ ಮುಗಿಸಿದೆ. ಆ ಪೊಟ್ಟಣದ ಹಿಂದೆ ಬರೆದಿದ್ದ ಮೊದಲ ಸಾಮಗ್ರಿ ಮೈದಾ. ನಾನು ಓದಿರಲಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಊಟ ಆದಮೇಲೆ ರಕ್ತದಲ್ಲಿ ಸಕ್ಕರೆ ಏರಿಸುವುದು ಮುಖ್ಯವಾಗಿ ಪಿಷ್ಟ ಮತ್ತು ಸಿಹಿ, ಅಂದರೆ ಕಾರ್ಬೋಹೈಡ್ರೇಟ್. ಒಂದು ಕೋಳಿಮೊಟ್ಟೆಯಲ್ಲಿ ಅದು ಒಂದು ಗ್ರಾಂ ಕೂಡ ಇಲ್ಲ. ಆರು ಗ್ರಾಂ ಪ್ರೋಟೀನು, ಐದು ಗ್ರಾಂ ಕೊಬ್ಬು, ಅಷ್ಟೇ. ನೂರು ಗ್ರಾಂ ರಾಗಿಹಿಟ್ಟಲ್ಲಿ ತಿರುವಿದ ಒಂದು ಮುದ್ದೆಯಲ್ಲಿ ಸುಮಾರು 70 ಗ್ರಾಂ! ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಇದೆ, ನಾನೂ ಮುದ್ದೆ ತಿಂದೇ ಬೆಳೆದವನು. ಆದರೆ ‘ಶುಗರ್ರಿಗೆ ರಾಗಿ ಒಳ್ಳೇದು’ ಅಂತ ಒಂದಿದ್ದ ಮುದ್ದೆಯನ್ನ ಎರಡು ಮಾಡಿ, ಮೇಲೆ ಅನ್ನ ಉಂಡು, ಬಟ್ಟಲಲ್ಲಿದ್ದ ಮೊಟ್ಟೆಯನ್ನ ಆರೋಪಿ ಮಾಡೋದು ಯಾವ ನ್ಯಾಯ?

ಪಾಂಡವಪುರದ ದೊಡ್ಡಪ್ಪ ಮಾತ್ರ ಸಾಕ್ಷಿ ಸಮೇತ ವಾದಕ್ಕೆ ಬಂದರು. ಅವರದ್ದು ಆಲೆಮನೆ. ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ ಬಿಟ್ಟರೆ ಇನ್ನೇನೂ ತಿಂದಿಲ್ಲ, ಗ್ಲೂಕೋಮೀಟರಲ್ಲಿ 312! ‘ನೋಡ್ಲಾ, ಈಗೇನಂತೀಯಾ?’ ನನಗೂ ಒಂದು ಕ್ಷಣ ಬಾಯಿ ಕಟ್ಟಿತು. ಆಮೇಲೆ ಅವರ ಬೆರಳು ನೋಡಿದೆ. ಅಚ್ಚಿನಿಂದ ಬೆಲ್ಲ ಕಿತ್ತಿಡುತ್ತಿದ್ದ ಕೈಯಲ್ಲೇ ಚುಚ್ಚಿಕೊಂಡಿದ್ದರು. ಸೋಪಲ್ಲಿ ತೊಳೆಸಿ, ಚೆನ್ನಾಗಿ ಒರೆಸಿ ಮತ್ತೆ ಚುಚ್ಚಿದರೆ 158. ಆ ಪಟ್ಟಿ ಅಳೆದಿದ್ದು ಬೆರಳಿಗಂಟಿದ ಬೆಲ್ಲವನ್ನ. ಹಣ್ಣು ಸುಲಿದ ಕೈಯಲ್ಲೂ ಹೀಗೇ ಆಗುತ್ತೆ. ನಂಬೋಕಾಗದ ಅಂಕಿ ಬಂದರೆ ಮೊದಲು ಕೈ ತೊಳೆದು ಇನ್ನೊಂದು ಸಲ ನೋಡಿ.

ಅಪ್ಪನ ಜೊತೆ ಎರಡು ಭಾನುವಾರ ಕೂತು ಪರೀಕ್ಷೆ ಮಾಡಿದೆ. ಮೊದಲ ವಾರ ಊಟಕ್ಕೆ ಮುಂಚೆ 132. ಮಾಮೂಲಿನಂತೆ ಎರಡು ಮುದ್ದೆ, ಎರಡು ಮೊಟ್ಟೆ ಹಾಕಿದ ಸಾರು, ಮೇಲೊಂದಿಷ್ಟು ಅನ್ನ. ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ 248. ಮುಂದಿನ ವಾರ ಮುಂಚೆ 136. ಈ ಸಲ ಅವೇ ಎರಡು ಮೊಟ್ಟೆ ಮತ್ತು ಒಂದು ಬಟ್ಟಲು ದಂಟಿನ ಸೊಪ್ಪಿನ ಪಲ್ಯ ಮೊದಲು, ಆಮೇಲೆ ಹುರುಳಿಕಾಳಿನ ಬಸ್ಸಾರಲ್ಲಿ ಅರ್ಧ ಮುದ್ದೆ. ಅನ್ನ ಇಲ್ಲ. ಎರಡು ಗಂಟೆಗೆ 171. ಎರಡೂ ದಿನ ಮೊಟ್ಟೆ ಎರಡೇ, ಬದಲಾಗಿದ್ದು ಅದರ ಜೊತೆಗಿದ್ದದ್ದು. ಮೊಟ್ಟೆ, ಸೊಪ್ಪು ಮೊದಲು ಹೊಟ್ಟೆಗೆ ಹೋದರೆ ಹಿಂದೆ ಬರುವ ಪಿಷ್ಟ ನಿಧಾನಕ್ಕೆ ಇಳಿಯುತ್ತೆ, ಸಕ್ಕರೆ ಒಮ್ಮೆಲೇ ನುಗ್ಗಲ್ಲ. ಹಾಗಂತ ಮೊಟ್ಟೆ ಎರಡು ಮುದ್ದೆಯ ಪಾಪ ತೊಳೆಯಲ್ಲ, ಮೊದಲ ಭಾನುವಾರವೇ ಅದಕ್ಕೆ ಸಾಕ್ಷಿ.

ರಾತ್ರಿ ಹತ್ತಕ್ಕೆ ಗಾಡಿ ಮುಂದೆ ನಿಂತು ಎಗ್ ರೈಸ್ ತಿಂದು ‘ಪ್ರೋಟೀನ್ ಆಯ್ತು ಮಗಾ’ ಅನ್ನೋ ನಮ್ಮಂಥವರಿಗೂ ಇದೇ ಮಾತು. ಆ ತಟ್ಟೆಯಲ್ಲಿ ಇರೋದು ಒಂದು ರಾಶಿ ಅನ್ನ, ಮೊಟ್ಟೆ ಬರೀ ಗೆಸ್ಟ್ ಅಪಿಯರೆನ್ಸ್.

ಭಾವನ ಹಳದಿ ಪ್ರಶ್ನೆಯನ್ನ ಮಾತ್ರ ನಾನು ತಳ್ಳಿಹಾಕಲ್ಲ. ಸಿಡ್ನಿಯಲ್ಲಿ ಟೈಪ್ 2 ಮಧುಮೇಹ ಅಥವಾ ಅದರ ಹೊಸ್ತಿಲಲ್ಲಿದ್ದ 140 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಾರಕ್ಕೆ 12 ಮೊಟ್ಟೆ ತಿಂದವರಿಗೂ ಎರಡಕ್ಕಿಂತ ಕಮ್ಮಿ ತಿಂದವರಿಗೂ ಮೂರು ತಿಂಗಳಲ್ಲಿ ಕೊಲೆಸ್ಟ್ರಾಲಿನ ವ್ಯತ್ಯಾಸ ಕಾಣಲಿಲ್ಲ. ಆದರೆ ಅದು ಮೂರೇ ತಿಂಗಳ ಮಾತು. ಮಧುಮೇಹಿಗಳಲ್ಲಿ ಹೆಚ್ಚು ಮೊಟ್ಟೆಗೂ ಹೃದ್ರೋಗಕ್ಕೂ ನಂಟು ತೋರಿಸಿದ ದೀರ್ಘ ಸಮೀಕ್ಷೆಗಳೂ ಇವೆ. ಹಾಗಾಗಿ ಹೃದಯದ ತೊಂದರೆ, ಜಾಸ್ತಿ ಎಲ್‌ಡಿಎಲ್ ಇದ್ದವರು ಹಳದಿ ಎಷ್ಟು ಅಂತ, ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಎಷ್ಟು ಅಂತ ಡಾಕ್ಟರನ್ನ ಕೇಳಲೇಬೇಕು. ಆ ಪ್ರಶ್ನೆ ಬೇರೆ, ‘ಮೊಟ್ಟೆ ಶುಗರ್ ಏರಿಸ್ತದೆ’ ಅನ್ನೋ ಸುಳ್ಳು ಬೇರೆ.

ಇನ್ನೊಂದು ಎಡವಟ್ಟು ನನ್ನದೇ. ಗೆದ್ದ ಹುಮ್ಮಸ್ಸಲ್ಲಿ ಒಂದು ರಾತ್ರಿ ಅಪ್ಪನಿಗೆ ಮುದ್ದೆಯನ್ನೇ ತಪ್ಪಿಸಿ ಬರೀ ಮೊಟ್ಟೆ, ಪಲ್ಯ ಕೊಟ್ಟೆ. ಗ್ಲಿಮೆಪಿರೈಡ್ ಮಾತ್ರೆ ಮಾತ್ರ ಎಂದಿನಷ್ಟೇ. ಸ್ವಲ್ಪ ಹೊತ್ತಿಗೆ ಬೆವರು, ಕೈನಡುಕ. ನೋಡಿದರೆ 64. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿದಾಗ 98. ಬೆಳಿಗ್ಗೆ ಡಾಕ್ಟರ್ ಹತ್ತಿರ ಓಡಿದೆವು. ಮಾತ್ರೆ ಕಮ್ಮಿ ಮಾಡಿದರು, ಅರ್ಧ ಮುದ್ದೆ ಖಾಯಂ ಆಯಿತು. ಅತ್ತೆಗೆ ಈ ವಿಷಯ ಇನ್ನೂ ಹೇಳಿಲ್ಲ, ಅದನ್ನೂ ಮೊಟ್ಟೆ ತಲೆಗೇ ಕಟ್ಟುತ್ತಾರೆ.